ದೋಸೆಗೆ 60 ರೂಪಾಯಿಯೋ, 70 ರೂಪಾಯಿಯೋ: ಪರೀಕ್ಷಿಸಲು ಎರಡು ದಾರಿ

ಎರಡು ಶಾಖೆಗಳಿರುವ ದರ್ಶಿನಿಯಾದರೆ ಮಸಾಲೆ ದೋಸೆಯ ಬೆಲೆಯನ್ನು ಒಂದು ಕಡೆ ಮಾತ್ರ ಏರಿಸಬಹುದು. ಆದರೆ ಆ ಶಾಖೆಯ ಪಕ್ಕದ ಕಾಲೇಜಿಗೆ ರಜೆ ಬಂದರೆ, ಕುಸಿದ ಮಾರಾಟದ ತಪ್ಪು ಬೆಲೆಯ ತಲೆಗೆ ಬರುತ್ತದೆ. ಎರಡು ವಾರಗಳ ನಂತರ ಬೆಲೆಗಳನ್ನು ಅದಲುಬದಲು ಮಾಡಿದರೆ ಈ ಅನುಮಾನ ಬಹುಪಾಲು ತೀರುತ್ತದೆ.

ಒಂದೇ ಹೋಟೆಲಾದರೆ ವಾರಕ್ಕೊಂದು ಬೆಲೆಯಂತೆ ನಾಲ್ಕು ವಾರ ನಡೆಸಿ. ದಿನಕ್ಕೊಂದು ಬೆಲೆ ಬೇಡ, ನಿತ್ಯದ ಗಿರಾಕಿ ಗಲ್ಲಾದ ಮುಂದೆಯೇ ಜಗಳ ತೆಗೆಯುತ್ತಾನೆ. ನನ್ನ ಒಲವು ಈ ಎರಡನೇ ದಾರಿಯತ್ತಲೇ: ಅದೇ ಭಟ್ಟರು, ಅದೇ ಚಟ್ನಿ. ಹಬ್ಬದ ವಾರವನ್ನು ಮಾತ್ರ ಬಿಡಿ.

ದೋಸೆಯೊಂದಕ್ಕೆ ಸಾಮಗ್ರಿಯ ಖರ್ಚು 25 ರೂಪಾಯಿ, ದಿನಕ್ಕೆ 200 ಮಾರಾಟ ಎಂದುಕೊಳ್ಳಿ. 60ರ ಬೆಲೆಯಲ್ಲಿ ಉಳಿಯುವುದು 7,000 ರೂಪಾಯಿ. 70ರಲ್ಲಿ 156 ದೋಸೆ ಮಾರಿದರೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಆದರೆ ದೋಸೆ ಬಿಟ್ಟವರು ಇಡ್ಲಿಗೆ ಹೊರಳಿದರೋ, ಕಾಫಿಯನ್ನೂ ಕುಡಿಯದೆ ಹೋದರೋ ಎಂದು ಬಿಲ್ಲುಗಳಲ್ಲಿ ನೋಡಿ.