ಮೆಣಸಿನ ಲೆಕ್ಕಕ್ಕೆ ಯಾವುದು: ಅಂತರದ ಹೋಲಿಕೆಯೋ, ಗ್ರಾಂ ಎಣಿಕೆಯೋ?

ಮಡಿಕೇರಿಯ ಅಂಗಡಿಯೊಂದಕ್ಕೆ ಪೈಥಾನ್‌ನಲ್ಲಿ ದಾಸ್ತಾನು ಲೆಕ್ಕ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಒಂದು ಕಿಲೋ ಕಾಳುಮೆಣಸಿನಿಂದ ನೂರು ಗ್ರಾಂನ ಹತ್ತು ಪೊಟ್ಟಣ ಮಾರಾಟವಾಗಿವೆ. ಉಳಿದದ್ದು ಸೊನ್ನೆಯಾಗಬೇಕು.

```python
ಉಳಿಕೆ = 1.0
for i in range(10):
    ಉಳಿಕೆ -= 0.1
print(ಉಳಿಕೆ == 0)   # False
```

ಉಳಿಕೆಯನ್ನು ಮುದ್ರಿಸಿದರೆ `1.3877787807814457e-16` ಕಾಣುತ್ತದೆ. ಹತ್ತನೇ ಒಂದು ಭಾಗವನ್ನು ದ್ವಿಮಾನದಲ್ಲಿ ಬರೆಯಹೊರಟರೆ ಅಂಕಿಗಳು ಮುಗಿಯುವುದೇ ಇಲ್ಲ. ಯಂತ್ರ ಎಲ್ಲೋ ಒಂದು ಕಡೆ ನಿಲ್ಲಿಸಿ, ಹತ್ತಿರದ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಕಳೆಯುತ್ತಾ ಹೋದಂತೆ ಇಂತಹ ಸಣ್ಣ ವ್ಯತ್ಯಾಸಗಳು ಉಳಿಕೆಯಲ್ಲಿ ಸೇರಿಕೊಳ್ಳುತ್ತವೆ.

ಹೆಚ್ಚಿನವರು ಮೊದಲು `math.isclose(ಉಳಿಕೆ, 0)` ಹಾಕುತ್ತಾರೆ. ಅದೂ `False` ಎನ್ನುತ್ತದೆ! ಅದು ಅಂತರವನ್ನು ಎರಡರಲ್ಲಿ ದೊಡ್ಡ ಸಂಖ್ಯೆಯ ಜೊತೆ ಅಳೆಯುತ್ತದೆ. ಸೊನ್ನೆಯ ಎದುರು ಆ ದೊಡ್ಡ ಸಂಖ್ಯೆಯೇ ಉಳಿಕೆ, ಅಂತರವೂ ಅದೇ. ಆದ್ದರಿಂದ ಒಪ್ಪುವ ಅಂತರವನ್ನು ನೀವೇ ಹೇಳಬೇಕು: `abs_tol=0.0005`, ಅಂದರೆ ಅರ್ಧ ಗ್ರಾಂ. ಈ ಮಿತಿ ತಕ್ಕಡಿಯ ನಿಖರತೆಯಿಂದ ಬರಬೇಕು, ಊಹೆಯಿಂದಲ್ಲ.

ಎರಡನೆಯ ದಾರಿಯಲ್ಲಿ ಎಲ್ಲವನ್ನೂ ಗ್ರಾಂನಲ್ಲಿ ಪೂರ್ಣಾಂಕವಾಗಿ ಇಡುತ್ತೀರಿ. 1000ದಿಂದ 100ನ್ನು ಹತ್ತು ಸಲ ಕಳೆದರೆ ಸೊನ್ನೆಯೇ; `==` ಧೈರ್ಯವಾಗಿ ಬಳಸಬಹುದು. ಎಚ್ಚರ ಬೇಕಾದದ್ದು ಪರಿವರ್ತನೆಯಲ್ಲಿ ಮಾತ್ರ. ಉದಾಹರಣೆಗೆ 4.35 ರೂಪಾಯಿಯನ್ನು ಪೈಸೆಗೆ ಬದಲಿಸುವಾಗ `int(4.35*100)` 434 ಕೊಡುತ್ತದೆ, `round(4.35*100)` 435 ಕೊಡುತ್ತದೆ.

ಪೊಟ್ಟಣ, ಹಣ, ದಾಸ್ತಾನಿಗೆ ನಾನು ಪೂರ್ಣಾಂಕವನ್ನೇ ಆರಿಸುತ್ತೇನೆ. ಮಳೆಯ ಸರಾಸರಿ, ಕಾಫಿಯ ತೇವಾಂಶದಂತಹ ಅಳತೆಗಳಿಗೆ ಮಾತ್ರ ಅಂತರದ ಹೋಲಿಕೆ.