ಕಣದಲ್ಲಿ ಪಾಲು ತೆಗೆಯುವಾಗ: ಜಕಾತ್, ದಶಾಂಶ, ದಾನ

ಮಂಡ್ಯದ ಒಂದು ಗದ್ದೆಯಲ್ಲಿ 40 ಕ್ವಿಂಟಲ್ ಭತ್ತ ಬಂತು ಅಂದುಕೊಳ್ಳಿ. ದಶಾಂಶದ ಲೆಕ್ಕದಲ್ಲಿ ಚರ್ಚಿಗೆ 4 ಕ್ವಿಂಟಲ್; ನೀರು ಎಲ್ಲಿಂದ ಬಂತೆಂದು ಅದು ಕೇಳುವುದಿಲ್ಲ. ಮುಸ್ಲಿಮರ ಕಡ್ಡಾಯ ದಾನವಾದ ಜಕಾತ್ ಕೇಳುತ್ತದೆ. ಬರೀ ಮಳೆಯಲ್ಲಿ ಬೆಳೆದಿದ್ದರೆ ಹತ್ತರಲ್ಲೊಂದು ಪಾಲು, ಖರ್ಚು ಮಾಡಿ ಪಂಪ್‌ಸೆಟ್‌ನಿಂದ ನೀರೆತ್ತಿದ್ದರೆ ಇಪ್ಪತ್ತರಲ್ಲೊಂದು, ಅಂದರೆ 2 ಕ್ವಿಂಟಲ್. ರೈತನ ಶ್ರಮವನ್ನು ಲೆಕ್ಕಕ್ಕೆ ಹಿಡಿಯುವ ಈ ನಿಯಮವೇ ನನಗೆ ಹೆಚ್ಚು ನ್ಯಾಯವೆನಿಸುತ್ತದೆ. ಆದರೆ ಜಕಾತ್ ಪಾಲನ್ನು ಹೆತ್ತವರಿಗೋ ಮಕ್ಕಳಿಗೋ ಕೊಡುವಂತಿಲ್ಲ. ಬಡವರು, ಸಾಲದಲ್ಲಿ ಮುಳುಗಿದವರು ಸೇರಿ ಖುರಾನ್ ಹೇಳಿದ ಎಂಟು ವರ್ಗದವರಿಗೇ ಸಲ್ಲಬೇಕು.

ದಾನಕ್ಕೆ ಇಂತಿಷ್ಟೇ ಎಂಬುದಿಲ್ಲ. ದೇಶ, ಕಾಲ, ಪಾತ್ರ ನೋಡಿ, ಪ್ರತಿಫಲ ಬಯಸದೆ ಕೊಡು ಎನ್ನುತ್ತದೆ ಗೀತೆ. ಬೆಳೆ ಕೈಕೊಟ್ಟ ವರ್ಷ ಇದು ಹಗುರ. ಚೆನ್ನಾಗಿ ಬಂದ ವರ್ಷ ಸೇರು ಅಕ್ಕಿಯಲ್ಲೇ ಮುಗಿದುಬಿಡಬಹುದು. ದಾನದ ದಾರಿ ಹಿಡಿಯುವವರು ಭತ್ತ ಮಿಲ್ಲಿಗೆ ಹೋಗುವ ಮೊದಲೇ, ಕಣದಲ್ಲೇ ಪಾಲು ಅಳೆದು ತೆಗೆದಿಡಲಿ.