ಬಾರದ ಪ್ರಮಾಣಪತ್ರ, ನಡೆಯದ ತರಗತಿ: ಪೂರ್ತಿ ಹಣಕ್ಕಾಗಿ ನಾನು ತಟ್ಟಿದ ನಾಲ್ಕು ಬಾಗಿಲುಗಳು

ಕೋರ್ಸಿನ ಶುಲ್ಕ 48,000 ರೂಪಾಯಿ. ಶನಿವಾರ, ಭಾನುವಾರ ಸೇರಿ ಮೂರು ತಿಂಗಳಲ್ಲಿ 24 ನೇರ ತರಗತಿಗಳು, ಕೊನೆಗೊಂದು ಪ್ರಮಾಣಪತ್ರ. ಜೂನ್‌ನಲ್ಲಿ ಐದು ತರಗತಿಗಳು ನಡೆದವು. ಆರನೆಯದರ ಹೊತ್ತಿಗೆ ‘ಬೋಧಕರು ಬದಲಾಗುತ್ತಿದ್ದಾರೆ’ ಎಂಬ ಸಂದೇಶ ಬಂತು. ಅಲ್ಲಿಂದ ಮುಂದೆ ಹಳೆಯ ತಂಡಕ್ಕೆ ಮಾಡಿದ ಪಾಠಗಳ ಧ್ವನಿಮುದ್ರಿತ ವಿಡಿಯೊಗಳಷ್ಟೇ. ಸೆಪ್ಟೆಂಬರ್‌ನಲ್ಲಿ ಪ್ರಮಾಣಪತ್ರದ ಕೊಂಡಿ ಒತ್ತಿದರೆ ಖಾಲಿ ಪುಟ ತೆರೆದುಕೊಳ್ಳುತ್ತಿತ್ತು.

ಹಣ ಕಟ್ಟಿದ್ದು ಎರಡು ದಾರಿಯಲ್ಲಿ: 18,000 ಕ್ರೆಡಿಟ್ ಕಾರ್ಡಿನಿಂದ, ಉಳಿದ 30,000 ಕಂಪನಿಯೇ ಗೊತ್ತುಮಾಡಿಕೊಟ್ಟ ಹಣಕಾಸು ಸಂಸ್ಥೆಯ ಸಾಲದಿಂದ, ತಿಂಗಳಿಗೆ 2,500ರಂತೆ ಹನ್ನೆರಡು ಕಂತು. ಹಾಗಾಗಿ ಒಂದೇ ಜಗಳದಲ್ಲಿ ಎಲ್ಲ ದಾರಿಗಳನ್ನೂ ಪರೀಕ್ಷಿಸುವ ಯೋಗ ನನಗೆ ಬಂತು. ಯೋಗ ಎಂದು ಈಗ ಅನ್ನುತ್ತಿದ್ದೇನೆ, ಆಗ ಹಾಗೆ ಅನ್ನಿಸಿರಲಿಲ್ಲ.

ಮೊದಲ ಬಾಗಿಲು ಕಂಪನಿಯದ್ದೇ. ಆನ್‌ಲೈನ್ ವ್ಯಾಪಾರಕ್ಕೆ ಸಂಬಂಧಿಸಿದ 2020ರ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ಖಚಿತಪಡಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಸ್ವೀಕೃತಿಯೇನೋ ಬಂತು. ಆಮೇಲೆ ಬಂದದ್ದೆಲ್ಲ ದೂರವಾಣಿ ಕರೆಗಳು: ‘ಮುಂದಿನ ತಂಡಕ್ಕೆ ಸೇರಿಸುತ್ತೇವೆ ಸರ್, ಇನ್ನೊಂದು ಕೋರ್ಸ್ ಉಚಿತವಾಗಿ ಕೊಡುತ್ತೇವೆ ಸರ್.’ ಪ್ರತಿ ಕರೆಯ ನಂತರ ‘ನೀವು ಈಗ ಹೇಳಿದ್ದು ಇದು, ನಾನು ಒಪ್ಪಿಲ್ಲ, ಹಣ ವಾಪಸ್ ಬೇಕು’ ಎಂದು ಇಮೇಲ್ ಕಳಿಸುತ್ತಿದ್ದೆ. ಈ ಬಾಗಿಲಿನಿಂದ ಒಂದು ರೂಪಾಯಿಯೂ ಬರಲಿಲ್ಲ. ಮುಂದಿನ ಮೂರೂ ಕಡೆ ಕೈಹಿಡಿದದ್ದು ಮಾತ್ರ ಈ ಇಮೇಲ್‌ಗಳೇ.

ಎರಡನೆಯದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅಂದರೆ 1915. ಕನ್ನಡದಲ್ಲೇ ಮಾತನಾಡಿದರು, ದೂರಿನ ಸಂಖ್ಯೆ ಕೊಟ್ಟರು, ಖರ್ಚಿಲ್ಲ. ಆದರೆ ಇದು ವ್ಯಾಜ್ಯಕ್ಕೆ ಮೊದಲಿನ ಸಂಧಾನವಷ್ಟೇ. ಅವರು ದೂರನ್ನು ಕಂಪನಿಗೆ ದಾಟಿಸುತ್ತಾರೆ, ಉತ್ತರ ಕೇಳುತ್ತಾರೆ, ಆದೇಶ ಹೊರಡಿಸುವ ಅಧಿಕಾರ ಅವರಿಗಿಲ್ಲ. ಹೆಸರು ಕೆಡುತ್ತದೆಂದು ಅಂಜುವ ದೊಡ್ಡ ಕಂಪನಿಯ ಮೇಲೆ ಇದು ಕೆಲಸ ಮಾಡಬಹುದು. ನನ್ನ ಕಂಪನಿ ಐದು ವಾರದ ಬಳಿಕ ‘ಏಳು ದಿನಗಳ ನಂತರ ಹಣ ವಾಪಸಿಲ್ಲ ಎಂಬುದು ನಮ್ಮ ನಿಯಮ’ ಎಂದು ಒಂದು ಸಾಲು ಬರೆಯಿತು, ದೂರು ಮುಕ್ತಾಯವಾಯಿತು. ನಾನು ಮಾಡಿದ ದೊಡ್ಡ ತಪ್ಪೆಂದರೆ ಆ ಐದು ವಾರ ಸುಮ್ಮನೆ ಕಾದು ಕೂತದ್ದು, ಏಕೆಂದರೆ ಅಷ್ಟೂ ಹೊತ್ತು ಮೂರನೆಯ ಬಾಗಿಲಿನ ಗಡಿಯಾರ ಓಡುತ್ತಿತ್ತು.

ಆ ಮೂರನೆಯದು ಬ್ಯಾಂಕಿನ ಚಾರ್ಜ್‌ಬ್ಯಾಕ್. ಕಾರ್ಡಿನಲ್ಲಿ ಕೊಟ್ಟ ಹಣಕ್ಕೆ ಸೇವೆ ಸಿಗದಿದ್ದರೆ ಆ ವ್ಯವಹಾರವನ್ನೇ ವಿವಾದಕ್ಕೆ ಒಳಪಡಿಸಬಹುದು. ಇದು ಸರ್ಕಾರದ ಕಾನೂನಲ್ಲ, ಕಾರ್ಡ್ ಜಾಲದ ನಿಯಮ, ಆದ್ದರಿಂದ ಗಡುವು ಬಿಗಿ. ನನ್ನ ಕಾರ್ಡಿಗೆ ಅದು 120 ದಿನ. ಹಣ ಕಟ್ಟಿದ ದಿನದಿಂದ ಎಣಿಸಿ ‘ಮುಗಿದೇಹೋಯಿತು’ ಎಂದು ಗ್ರಾಹಕ ಸೇವೆಯ ಹುಡುಗ ಕೈಚೆಲ್ಲಿದ. ಸೇವೆ ಸಿಗದ ಪ್ರಕರಣದಲ್ಲಿ ಎಣಿಕೆ ಶುರುವಾಗುವುದು ಸೇವೆ ಸಿಗಬೇಕಿದ್ದ ದಿನದಿಂದ. ಕರಪತ್ರದಲ್ಲಿ ಕೊನೆಯ ತರಗತಿಯ ದಿನಾಂಕ ಆಗಸ್ಟ್ 31 ಎಂದಿತ್ತು. ನಾನು ಅರ್ಜಿ ಹಾಕಿದ್ದು ನವೆಂಬರ್ ಮಧ್ಯದಲ್ಲಿ. ಇನ್ನೂ ಆರು ವಾರ ಉಳಿದಿತ್ತು.

ಇಲ್ಲಿ ಎಲ್ಲವೂ ನಿಂತಿರುವುದು ಅರ್ಜಿಯಲ್ಲಿ ಆರಿಸುವ ಕಾರಣದ ಮೇಲೆ. ‘ಕೋರ್ಸ್ ಚೆನ್ನಾಗಿರಲಿಲ್ಲ’ ಎಂದು ಬರೆದಿದ್ದರೆ ಅದು ಅಭಿಪ್ರಾಯವಾಗುತ್ತಿತ್ತು. ‘ಇಂತಿಂಥ ದಿನ ನಡೆಯಬೇಕಿದ್ದ 19 ತರಗತಿಗಳು ನಡೆಯಲಿಲ್ಲ’ ಎಂದು ಬರೆದು ಕರಪತ್ರದ ವೇಳಾಪಟ್ಟಿಯನ್ನೂ ನನ್ನ ಇಮೇಲ್‌ಗಳನ್ನೂ ಲಗತ್ತಿಸಿದೆ. ಊಹಿಸಿದಂತೆಯೇ ಕಂಪನಿ ನನ್ನ ಲಾಗಿನ್ ದಾಖಲೆ ತಂದಿಟ್ಟು ‘ವಿದ್ಯಾರ್ಥಿ 31 ಗಂಟೆ ವಿಡಿಯೊ ನೋಡಿದ್ದಾರೆ’ ಎಂದಿತು. ವಿಡಿಯೊ ನೋಡಿದ್ದು ನಿಜ, ಮಾರಿದ್ದು ನೇರ ತರಗತಿ ಎಂದು ಮರುತ್ತರ ಕೊಟ್ಟೆ. ಜನವರಿಯಲ್ಲಿ 14,250 ರೂಪಾಯಿ ಕಾರ್ಡಿಗೆ ಬಂತು. ಪೂರ್ತಿ 18,000 ಏಕಲ್ಲ? 24ರಲ್ಲಿ ಐದು ತರಗತಿಗಳು ನಡೆದಿದ್ದವಲ್ಲ, ಬ್ಯಾಂಕ್ ಸಿಗದ 19ಕ್ಕೆ ಮಾತ್ರ ಲೆಕ್ಕ ಹಾಕಿತು. ಪ್ರಮಾಣಪತ್ರವಿಲ್ಲದಿದ್ದರೆ ಆ ಐದು ತರಗತಿಗಳಿಗೂ ಬೆಲೆಯಿಲ್ಲ ಎಂಬ ವಾದ ಈ ಬಾಗಿಲಲ್ಲಿ ನಡೆಯಲಿಲ್ಲ. ಸಾಲದ 30,000ವಂತೂ ಕಾರ್ಡಿನ ವ್ಯಾಪ್ತಿಗೇ ಬರುವುದಿಲ್ಲ.

ಪೂರ್ತಿ ಹಣ ಕೇಳಲು ಉಳಿದದ್ದು ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಇರುವುದು ಗುರುಗ್ರಾಮದಲ್ಲಿ, ನಾನು ಮೈಸೂರಿನಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ದೂರುದಾರ ವಾಸಿಸುವ ಊರಿನಲ್ಲೇ ದೂರು ಕೊಡಲು ಬಿಡುತ್ತದೆ, ‘ವ್ಯಾಜ್ಯ ಗುರುಗ್ರಾಮದಲ್ಲಿ ಮಾತ್ರ’ ಎಂಬ ಷರತ್ತಿಗೆ ನಾನು ಹೆದರಲಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ದೂರು ಕೊಡಲು ಇರುವ ಅವಧಿ ಎರಡು ವರ್ಷ. ಮೊದಲು ಸ್ಪೀಡ್ ಪೋಸ್ಟ್‌ನಲ್ಲಿ ಹದಿನೈದು ದಿನದ ನೋಟಿಸ್ ಕಳಿಸಿ, ಡಿಸೆಂಬರ್‌ನಲ್ಲಿ ಇ-ಜಾಗೃತಿ ತಾಣದ ಮೂಲಕ ದೂರು ದಾಖಲಿಸಿದೆ. ಕಾರ್ಡಿನ ವಿವಾದ ನಡೆಯುತ್ತಿದೆ, ಅಲ್ಲಿ ಬಂದ ಹಣವನ್ನು ಬೇಡಿಕೆಯಿಂದ ಕಳೆಯಬೇಕು ಎಂದು ನಾನೇ ದೂರಿನಲ್ಲಿ ಬರೆದೆ. ಮುಚ್ಚಿಟ್ಟಿದ್ದರೆ ಒಂದೇ ಹಣಕ್ಕೆ ಎರಡು ಕಡೆ ಕೈಯೊಡ್ಡಿದವನಾಗುತ್ತಿದ್ದೆ.

ಕರಡು ತೋರಿಸಿದಾಗ ಪರಿಚಯದ ವಕೀಲರೊಬ್ಬರು ಎರಡು ತಿದ್ದುಪಡಿ ಹೇಳಿದರು. ‘ಏಳು ದಿನದ ಷರತ್ತು ಅನ್ಯಾಯದ ಒಪ್ಪಂದ, ಅದನ್ನು ರದ್ದುಮಾಡಿ’ ಎಂದು ನಾನು ಬರೆದಿದ್ದೆ. ಅನ್ಯಾಯದ ಒಪ್ಪಂದದ ದೂರನ್ನು ಕೇಳುವುದು ರಾಜ್ಯ ಆಯೋಗ, ಜಿಲ್ಲಾ ಆಯೋಗವಲ್ಲ. ಆ ಸಾಲು ಹೊಡೆದು ‘ಸೇವಾ ನ್ಯೂನತೆ’ ಮತ್ತು ‘ಅನುಚಿತ ವ್ಯಾಪಾರ ಪದ್ಧತಿ’ ಎಂಬೆರಡನ್ನೇ ಉಳಿಸಿದೆವು. ಇನ್ನೊಂದು, ಕಂಪನಿ ತನ್ನನ್ನು ‘ಶಿಕ್ಷಣ ಸಂಸ್ಥೆ’ ಎಂದು ಕರೆದುಕೊಂಡು ಗ್ರಾಹಕ ಕಾಯ್ದೆಯಿಂದ ಜಾರಿಕೊಳ್ಳಲು ನೋಡುತ್ತದೆ ಎಂದರು. 2020ರ ಮನು ಸೋಲಂಕಿ ಪ್ರಕರಣದಲ್ಲಿ ರಾಷ್ಟ್ರೀಯ ಆಯೋಗ ಶಿಕ್ಷಣ ಸಂಸ್ಥೆಗಳನ್ನು ಹೊರಗಿಟ್ಟರೂ ಕೋಚಿಂಗ್ ಕೇಂದ್ರಗಳನ್ನು ಕಾಯ್ದೆಯ ಒಳಗೇ ಉಳಿಸಿದೆ. ಆ ತೀರ್ಪನ್ನು ಮೊದಲೇ ಉಲ್ಲೇಖಿಸಿದೆವು. ಸಾಲ ಕೊಟ್ಟ ಸಂಸ್ಥೆಯನ್ನು ಎರಡನೇ ಎದುರುದಾರನನ್ನಾಗಿ ಸೇರಿಸಿದೆವು.

ಸಾಲದ ಕಂತನ್ನು ನಾನು ನಿಲ್ಲಿಸಲಿಲ್ಲ. ಇದೇ ತಂಡದ ಗೆಳೆಯನೊಬ್ಬ ಸಿಟ್ಟಿನಲ್ಲಿ ಮೂರು ಕಂತು ತಪ್ಪಿಸಿದ. ಕಂಪನಿಗೆ ಏನೂ ಆಗಲಿಲ್ಲ, ಅವನ ಸಿಬಿಲ್ ಅಂಕ ಕುಸಿಯಿತು. ಸಾಲದ ಒಪ್ಪಂದ ಇರುವುದು ನಮಗೂ ಹಣಕಾಸು ಸಂಸ್ಥೆಗೂ ನಡುವೆ, ಪಾಠ ನಡೆದರೂ ನಡೆಯದಿದ್ದರೂ ಅದು ಓಡುತ್ತಲೇ ಇರುತ್ತದೆ.

ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನು 15 ದಿನ ಸಿಗುತ್ತದೆ. ಆಯೋಗದ ನೋಟಿಸ್ ತಲುಪಿದ ಮೇಲೆ, ಅಷ್ಟು ದಿನ ‘ನಿಯಮವಿಲ್ಲ’ ಎನ್ನುತ್ತಿದ್ದ ಕಂಪನಿಯಿಂದ ಅದರ ವಕೀಲರ ಕರೆ ಬಂತು. ಆದೇಶದವರೆಗೆ ಕಾದಿದ್ದರೆ ಪರಿಹಾರ, ವೆಚ್ಚವೂ ಸಿಗುತ್ತಿತ್ತೇನೋ. ವರ್ಷ ಹಿಡಿದರೂ ಹಿಡಿಯಬಹುದೆಂದು ಲೆಕ್ಕ ಹಾಕಿ ರಾಜಿಗೆ ಒಪ್ಪಿದೆ. ಮಾರ್ಚ್‌ನಲ್ಲಿ, ನಾನು ಕಟ್ಟಿದ್ದ ಒಂಬತ್ತು ಕಂತಿನ 22,500 ಮತ್ತು ಕಾರ್ಡಿನಲ್ಲಿ ಬಾರದೆ ಉಳಿದಿದ್ದ 3,750 ನನ್ನ ಖಾತೆಗೆ ಬಂತು, ಬಾಕಿ 7,500 ನೇರವಾಗಿ ಸಾಲ ಕೊಟ್ಟವರಿಗೆ ಹೋಯಿತು. ಹಣ ಜಮೆಯಾದ ಮೇಲೆಯೇ ದೂರು ಹಿಂಪಡೆಯುವ ಜ್ಞಾಪನಕ್ಕೆ ಸಹಿ ಹಾಕಿದೆ, ಅದಕ್ಕೆ ಮೊದಲು ಅವರು ಎಷ್ಟು ಒತ್ತಾಯಿಸಿದರೂ ಹಾಕಲಿಲ್ಲ.

ಈಗ ಉಳಿದಿರುವುದು ಸಾಲದ ದಾಖಲೆ. ತೀರುವಳಿ ಪತ್ರ ಕೈಗೆ ಬಂದರೂ ಸಿಬಿಲ್ ವರದಿಯಲ್ಲಿ ಆ ಸಾಲ Settled ಎಂದು ಕಾಣಿಸುತ್ತಿದೆ. ಪೂರ್ತಿ ತೀರಿದ್ದಕ್ಕೆ Closed ಎಂದಿರಬೇಕು. Settled ಎಂದರೆ ಕಡಿಮೆ ಕೊಟ್ಟು ಮುಗಿಸಿದವನು ಎಂದರ್ಥ, ಮುಂದಿನ ಸಾಲಕ್ಕೆ ಅದೇ ಕೊಕ್ಕೆ. ತಿದ್ದಲು ಕೋರಿ ಅರ್ಜಿ ಕೊಟ್ಟಿದ್ದೇನೆ. 30 ದಿನದಲ್ಲಿ ಸರಿಪಡಿಸದಿದ್ದರೆ ಮುಂದಿನ ಪ್ರತಿ ದಿನಕ್ಕೆ ನೂರು ರೂಪಾಯಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಇಂದಿಗೆ ಹನ್ನೊಂದನೇ ದಿನ.